ಒಣಗಿದ ಹಣ್ಣು, ತುಕ್ಕು ಹಿಡಿದ ಗ್ರಹ

ಜನವರಿಯಲ್ಲಿ ಅಣ್ಣನ ಮಗಳು ಹಾಸನದಿಂದ ಮನೆಗೆ ಬಂದಿದ್ದಳು. ಅಲ್ಲೇ ಹಾಸ್ಟೆಲ್‌ನಲ್ಲಿದ್ದು ಎರಡನೇ ಪಿಯುಸಿ ಓದುತ್ತಾಳೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ತಾತನ ಬಗ್ಗೆ ಒಂದು ಬರಹ ಕೊಡಬೇಕಿತ್ತು. ತಾತ ಅಂದರೆ ನನ್ನ ಅಪ್ಪ. ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಪ್ಪನಿಗೆ ಈಗ ಎಪ್ಪತ್ತೆಂಟು. ಮೊದಲಿಂದಲೂ ಮಾತು ಕಡಿಮೆ.

ಬರಹದ ಮೊದಲ ಕರಡನ್ನು ಅವಳು ಡಿಸೆಂಬರಿನಲ್ಲೇ ಕಳಿಸಿದ್ದಳು. ಅದರಲ್ಲಿ 'ಬಂಡೆಯಂಥ ಮೌನ' ಅಂತ ಇತ್ತು. ನಾನು ಅದರ ಕೆಳಗೆ ಗೆರೆ ಎಳೆದು, ಇದನ್ನು ಎಲ್ಲರೂ ಹೇಳಿ ಹೇಳಿ ಸವೆಸಿದ್ದಾರೆ, ಬೇರೆ ಏನಾದರೂ ಹುಡುಕು ಅಂದಿದ್ದೆ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಮಕ್ಕಳಿಗೆ ಈ ಮಾತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಅವಳು ಹುಡುಕಿಕೊಂಡೇ ಬಂದಿದ್ದಳು. ಜಗಲಿಯಲ್ಲಿ ಕೂತು ನೋಟ್‌ಬುಕ್ ನನ್ನ ಕೈಗೆ ಕೊಟ್ಟಳು. ಅಲ್ಲಿ ಹೀಗಿತ್ತು: 'ತಾತನ ಮೌನ ಒಂದು ತುಕ್ಕು ಹಿಡಿದ ಗ್ರಹ.'

ಎರಡು ಸಲ ಓದಿದೆ. ಕಿವಿಗೆ ಚೆನ್ನಾಗಿತ್ತು. ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆದರೂ ಮನಸ್ಸಿಗೆ ಒಗ್ಗಲಿಲ್ಲ. ಯಾಕೆ ಒಗ್ಗಲಿಲ್ಲ ಅಂತ ಹೇಳಲು ತಕ್ಷಣಕ್ಕೆ ನನ್ನ ಹತ್ತಿರ ಮಾತೂ ಇರಲಿಲ್ಲ. ಹೊಸದು ಬೇಕು ಅಂದವಳು ನಾನೇ. ಅವಳು ಹೊಸದನ್ನೇ ತಂದಿದ್ದಳು. ಈಗ ಇದೂ ಬೇಡ ಅಂದರೆ ಅದಕ್ಕೊಂದು ಕಾರಣ ಕೊಡಬೇಕು ಅಲ್ವಾ? 'ಏನೋ ಸರಿ ಕಾಣ್ತಿಲ್ಲ' ಅಂತ ಸುಮ್ನೆ ಹೇಳಿಬಿಟ್ಟರೆ ಹದಿನೇಳು ವರ್ಷದ ಹುಡುಗಿ ಮತ್ತೆ ಬಂಡೆಗೇ ವಾಪಸ್ ಹೋಗುತ್ತಾಳೆ.

ಹಾಗಾಗಿ ಒಂದು ಪ್ರಶ್ನೆ ಕೇಳಿದೆ. "ಪುಟ್ಟಿ, ಈ ಸಾಲು ಓದಿದ ಮೇಲೆ ತಾತನ ಬಗ್ಗೆ ಹೊಸದಾಗಿ ಏನು ಗೊತ್ತಾಯ್ತು?"

ಸ್ವಲ್ಪ ಯೋಚನೆ ಮಾಡಿ ಅಂದಳು, "ಗ್ರಹ ಅಂದ್ರೆ ದೂರ ಇರುತ್ತೆ. ತುಕ್ಕು ಅಂದ್ರೆ ಹಳೇದು."

"ತಾತ ದೂರ ಇರ್ತಾರೆ, ವಯಸ್ಸಾಗಿದೆ. ಇದು ಮೊದ್ಲೇ ಗೊತ್ತಿತ್ತಲ್ವಾ?"

ಸುಮ್ಮನಾದಳು. ಆಮೇಲೆ ನಾವಿಬ್ಬರೂ ಸೇರಿ ಆ ಸಾಲನ್ನು ಬಿಚ್ಚಿ ನೋಡಿದೆವು. ಮೊದಲು ಗ್ರಹವನ್ನು ತೆಗೆದು ಬೇರೆ ಏನೇನೋ ಇಟ್ಟೆವು. ತಾತನ ಮೌನ ಒಂದು ಮುರಿದ ನಕ್ಷತ್ರ. ತಾತನ ಮೌನ ಒಂದು ಬೂದಿ ಬಣ್ಣದ ಹಡಗು. ತಾತನ ಮೌನ ಒಂದು ಕುರುಡು ಗಡಿಯಾರ. ಪ್ರತಿ ಸಲವೂ ಸಾಲು ಅಷ್ಟೇ ಚೆನ್ನಾಗಿ ಕೇಳಿಸಿತು. ಏನೂ ಕಳೆದುಹೋದ ಹಾಗೆ ಅನ್ನಿಸಲಿಲ್ಲ. ಆಮೇಲೆ ಗ್ರಹವನ್ನು ಅಲ್ಲೇ ಬಿಟ್ಟು ತಾತನನ್ನು ತೆಗೆದೆವು. ಅಮ್ಮನ ಒಂಟಿತನ ಒಂದು ತುಕ್ಕು ಹಿಡಿದ ಗ್ರಹ. ಊರಿನ ಬೇಸಿಗೆ ಒಂದು ತುಕ್ಕು ಹಿಡಿದ ಗ್ರಹ. ಅದೂ ನಡೆಯಿತು. ಯಾರ ಕೊರಳಿಗೆ ಹಾಕಿದರೂ ಕೂರುವ ಹಾರ ಯಾರ ಅಳತೆಗೂ ಮಾಡಿದ್ದಲ್ಲ. ಆ ಸಾಲು ತಾತನನ್ನು ನೋಡಿ ಹುಟ್ಟಿದ್ದಲ್ಲ ಅನ್ನುವುದು ಅವಳಿಗೂ ಗೊತ್ತಾಯಿತು.

ಆದರೆ ಅವಳು ಬಿಡುವ ಹುಡುಗಿಯಲ್ಲ. ವಿಜ್ಞಾನ ಓದುವವಳು. "ಅತ್ತೆ, ಮಂಗಳ ಗ್ರಹ ನಿಜವಾಗ್ಲೂ ತುಕ್ಕು ಹಿಡಿದಿರೋದೇ. ಅಲ್ಲಿನ ಧೂಳಲ್ಲಿ ಕಬ್ಬಿಣದ ಆಕ್ಸೈಡ್ ಇದೆ. ಅದಕ್ಕೇ ಕೆಂಪು" ಅಂದಳು.

ಇದು ನನಗೆ ತುಂಬಾ ಇಷ್ಟವಾಯಿತು. ಯಾಕೆಂದರೆ ಈಗ ಸಾಲಿನಲ್ಲಿ ಹಿಡಿಯುವುದಕ್ಕೆ ಏನೋ ಸಿಕ್ಕಿತು. ತುಕ್ಕು ತಾನಾಗಿ ಹುಟ್ಟುವುದಿಲ್ಲ. ನಮ್ಮ ಹಿತ್ತಲಿನ ಗೇಟಿಗೆ ತುಕ್ಕು ಬರಬೇಕಾದರೆ ಮಳೆ ಬೇಕು, ಗಾಳಿ ಬೇಕು. ಅಂದರೆ ತುಕ್ಕು ಕಂಡಲ್ಲಿ ಹಿಂದೆ ಏನೋ ತಾಗಿ ಹೋಗಿದೆ ಅಂತ ಅರ್ಥ. ಹಾಗಾದರೆ ತಾತನ ಮೌನ ಮುಂಚೆ ಮೌನವಾಗಿರಲಿಲ್ಲ, ಏನೋ ತಾಗಿ ಹೀಗಾಯಿತು ಅಂತ ಆ ಸಾಲು ಹೇಳುತ್ತಿದೆ. ಆಗ ಅದು ಬರೀ ಚಂದದ ಮಾತಾಗಿ ಉಳಿಯಲಿಲ್ಲ. ತಾತನ ಬಗ್ಗೆ ಒಂದು ಸುದ್ದಿಯಾಯಿತು. ಸುದ್ದಿ ಅಂದ ಮೇಲೆ ನಿಜವೋ ಸುಳ್ಳೋ ಅಂತ ಕೇಳಬಹುದು.

ಕೇಳಿದೆವು. ಸುಳ್ಳಾಗಿತ್ತು. ಅಪ್ಪ ಒಂದು ಕಾಲಕ್ಕೆ ಮಾತುಗಾರರಾಗಿದ್ದು ಆಮೇಲೆ ಸುಮ್ಮನಾದವರಲ್ಲ. ನಮ್ಮಜ್ಜಿ ಹೇಳುತ್ತಿದ್ದರು, ಹುಡುಗನಾಗಿದ್ದಾಗಲೂ ಅವರು ಹಾಗೇ, ಕರೆದರೆ ಓ ಅನ್ನುವುದೂ ಅಪರೂಪ ಅಂತ. ತುಕ್ಕಿನ ಮಾತು ಮಂಗಳನ ವಿಷಯದಲ್ಲಿ ಸರಿ. ಅಪ್ಪನ ವಿಷಯದಲ್ಲಿ ತಪ್ಪು.

ಅವಳು ಆ ಸಾಲು ಹೊಡೆದು ಹಾಕಿದಳು. ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಆ ಜಾಗಕ್ಕೆ ಏನೂ ಬರೆಯಲೂ ಇಲ್ಲ.

ಆ ರಾತ್ರಿ ನನಗೆ ನನ್ನದೇ ಪಾಠ ನೆನಪಾಯಿತು. ಹೈಸ್ಕೂಲಿನಲ್ಲಿ ಉಪಮಾಲಂಕಾರ ಹೇಳಿಕೊಡುವಾಗ ನಾವೆಲ್ಲ ಬರೆಸುವ ಸಾಲು ಒಂದೇ. 'ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು.' ಭೀಮ ದುರ್ಯೋಧನರು ಉಪಮೇಯ, ಅಂದರೆ ಯಾರ ಬಗ್ಗೆ ಹೇಳುತ್ತಿದ್ದೇವೋ ಅವರು. ಮದಗಜ ಉಪಮಾನ, ಯಾವುದಕ್ಕೆ ಹೋಲಿಸಿದೆವೋ ಅದು. 'ಅಂತೆ' ವಾಚಕ ಪದ. ಹೋರಾಡುವುದು ಸಮಾನಧರ್ಮ, ಉಪಮೇಯ ಉಪಮಾನ ಎರಡರಲ್ಲೂ ಇರುವ ಗುಣ. ನಾಲ್ಕಕ್ಕೂ ಅಂಕ ಇದೆ. ವಾಚಕ ಪದ ಬಿಟ್ಟು ಅದೇ ಇದು ಅಂದುಬಿಟ್ಟರೆ ರೂಪಕ. ಇಷ್ಟನ್ನು ಕನ್ನಡ ಓದಿದ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ.

ಇದರಲ್ಲಿ ಸಮಾನಧರ್ಮ ಅನ್ನುವುದು ಬಹಳ ಕೆಲಸಕ್ಕೆ ಬರುವ ಮಾತು. ಆದರೆ ನಾವು ಮಕ್ಕಳಿಗೆ ಅದು 'ಯಾವುದು' ಅಂತ ಮಾತ್ರ ಕೇಳುತ್ತೇವೆ. ಅದು ನಿನಗೆ 'ಯಾವಾಗ' ಗೊತ್ತಾಯಿತು ಅಂತ ಕೇಳುವುದಿಲ್ಲ. ನನಗೆ ಅನ್ನಿಸುವ ಹಾಗೆ ವ್ಯತ್ಯಾಸ ಇರುವುದೇ ಅಲ್ಲಿ. ಬಂಡೆಯಂಥ ಮೌನ ಅಂದಾಗ ಎರಡಕ್ಕೂ ಇರುವ ಸಮಾನ ಗುಣ ಹೋಲಿಸುವುದಕ್ಕೆ ಮೊದಲೇ ಗೊತ್ತಿರುತ್ತದೆ. ಅಲುಗಾಡದ್ದು, ಗಟ್ಟಿ, ಅಷ್ಟೇ. ತುಕ್ಕು ಹಿಡಿದ ಗ್ರಹ ಅಂದಾಗ ಹೋಲಿಸಿದ ಮೇಲೂ ಏನೂ ಸಿಗಲಿಲ್ಲ. ಸಿಕ್ಕಿದ್ದು ನಿಲ್ಲಲಿಲ್ಲ. ನಿಜವಾಗಿ ಹೊಸದಾದ ರೂಪಕದಲ್ಲಿ ಆ ಸಮಾನ ಗುಣ ಹೋಲಿಸಿದ ಮೇಲೆಯೇ ಕಾಣುತ್ತದೆ. ಮೊದಲೂ ಅದು ಅಲ್ಲೇ ಇತ್ತು, ಆದರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮ್ಯಾಕ್ಸ್ ಬ್ಲ್ಯಾಕ್ ಅನ್ನುವ ತತ್ವಶಾಸ್ತ್ರಜ್ಞರು 1950ರ ದಶಕದಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಸಲ ರೂಪಕವೇ ಹೋಲಿಕೆಯನ್ನು ಹುಟ್ಟಿಸುತ್ತದೆ ಅಂದರು. ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ. ಹುಟ್ಟಿಸಬಹುದು ಅಂದುಬಿಟ್ಟರೆ ತುಕ್ಕು ಹಿಡಿದ ಗ್ರಹಕ್ಕೂ ಬಾಗಿಲು ತೆರೆದ ಹಾಗಾಗುತ್ತದೆ.

ಮಾರನೇ ದಿನ ಮಧ್ಯಾಹ್ನ ಅವಳು ಕಣದ ಹತ್ತಿರ ಹೋಗಿ ಕೂತಿದ್ದಳು. ಹಣ್ಣು ಕುಯ್ಲಿನ ಸಮಯ. ನಾವು ರೊಬಸ್ಟಾ ಕಾಫಿಯನ್ನು ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕುವುದಿಲ್ಲ. ಹಣ್ಣನ್ನು ಹಾಗೇ ಕಣದಲ್ಲಿ ಹರಡಿ ಒಣಗಿಸುತ್ತೇವೆ. ಬಿಸಿಲು ಚೆನ್ನಾಗಿದ್ದರೆ ಹನ್ನೆರಡು ಹದಿನೈದು ದಿನ ಬೇಕು. ಹಗಲು ಮರದ ಹಲಗೆಯಲ್ಲಿ ಎಳೆದೆಳೆದು ಮಗುಚಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕು. ಕೆಂಪಾಗಿದ್ದ ಹಣ್ಣು ದಿನ ಕಳೆದ ಹಾಗೆ ಕಂದಾಗಿ, ಆಮೇಲೆ ಕಪ್ಪಾಗುತ್ತದೆ.

ಒಣಗಿತೋ ಇಲ್ಲವೋ ಅಂತ ನೋಡಲು ಈಗ ತೇವ ಅಳೆಯುವ ಮೀಟರ್ ಇದೆ. ಹೀಗೆ ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಚೆರಿ ಆದರೆ 11%ಕ್ಕೆ ಬರಬೇಕು. ಅಪ್ಪ ಮೀಟರ್ ನೋಡುವ ಮೊದಲು ಇನ್ನೊಂದು ಮಾಡುತ್ತಾರೆ. ಕಣದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಹಣ್ಣು ತೆಗೆದುಕೊಳ್ಳುತ್ತಾರೆ. ಮುಷ್ಟಿಯನ್ನು ಕಿವಿ ಹತ್ತಿರ ತಂದು ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಒಣಗಿದೆ. ಸದ್ದಿಲ್ಲ ಅಂದರೆ ಇನ್ನೂ ಬಿಸಿಲು ಬೇಕು. ಹಸಿ ಹಣ್ಣಿನಲ್ಲಿ ಬೀಜ ತಿರುಳಿಗೆ ಅಂಟಿಕೊಂಡಿರುತ್ತದೆ. ಒಣಗುತ್ತಾ ಒಣಗುತ್ತಾ ಒಳಗಿನದೆಲ್ಲ ಕುಗ್ಗುತ್ತದೆ, ಬೀಜ ಸಿಪ್ಪೆಯನ್ನು ಬಿಟ್ಟುಕೊಳ್ಳುತ್ತದೆ. ಆಗ ಒಳಗೆ ಸ್ವಲ್ಪ ಜಾಗವಾಗುತ್ತದೆ. ಆ ಜಾಗದಿಂದಲೇ ಸದ್ದು.

ನಾನು ಹುಟ್ಟಿದಾಗಿನಿಂದ ಇದನ್ನು ನೋಡಿದ್ದೇನೆ. ಅವಳೂ ನೋಡಿದ್ದಾಳೆ. ಆ ದಿನ ಮಾತ್ರ ಎದ್ದು ಬಂದು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಳು: 'ತಾತನ ಮೌನ ಕಣದಲ್ಲಿ ಒಣಗಿದ ಹಣ್ಣು. ಸುಮ್ಮನೆ ಬಿದ್ದಿರುತ್ತದೆ. ಹಿಡಿದು ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನುತ್ತದೆ.'

ನಾನು ಒಲೆ ಮುಂದೆ ನಿಂತೇ ಓದಿದೆ. ಹಾಗೇ ನಿಂತುಬಿಟ್ಟೆ.

ಅದೇ ಪ್ರಶ್ನೆಯನ್ನು ಈ ಸಲ ನನಗೇ ಕೇಳಿಕೊಂಡೆ. ಏನು ಗೊತ್ತಾಯಿತು? ಇಷ್ಟು ವರ್ಷ ಅಪ್ಪನ ಮೌನವನ್ನು ನಾನು ಮುಚ್ಚಳ ಅಂದುಕೊಂಡಿದ್ದೆ. ಒಳಗೆ ತುಂಬಾ ಇದೆ, ಮೇಲೆ ಗಟ್ಟಿಯಾಗಿ ಮುಚ್ಚಿದ್ದಾರೆ, ತೆಗೆಯಲು ಬಿಡುವುದಿಲ್ಲ ಅಂತ. ಅದರಿಂದ ನನಗೆ ಒಂಥರಾ ಕೋಪವೂ ಇತ್ತು. ಈ ಸಾಲು ಬೇರೆ ಹೇಳುತ್ತಿತ್ತು. ಹಣ್ಣು ಹಸಿಯಾಗಿದ್ದಾಗ ಅಲ್ಲಾಡಿಸಿದರೆ ಸದ್ದು ಬರುವುದಿಲ್ಲ. ಅದು ಬಚ್ಚಿಟ್ಟುಕೊಂಡಿದೆ ಅಂತಲ್ಲ, ಬೀಜ ಇನ್ನೂ ಮೈಗೆ ಅಂಟಿಕೊಂಡಿದೆ ಅಂತ. ವಯಸ್ಸಾಗುತ್ತಾ ಒಳಗಿನ ಸಂಗತಿ ಮನುಷ್ಯನನ್ನು ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಆಗ ಯಾರಾದರೂ ಅಲ್ಲಾಡಿಸಿದರೆ ಕೇಳಿಸುತ್ತದೆ. ನಲವತ್ತು ವರ್ಷದವರಿದ್ದಾಗ ಕೇಳಿದ್ದಕ್ಕೆ ಅಪ್ಪ ಉತ್ತರ ಕೊಡದೆ ಎದ್ದು ಹೋಗಿದ್ದರು. ಅದೇ ಪ್ರಶ್ನೆಯನ್ನು ಈಗ ಕೇಳಿದರೆ?

ಅಪ್ಪನಿಗೆ ಒಬ್ಬ ತಮ್ಮ ಇದ್ದರು. ಚಿಕ್ಕ ವಯಸ್ಸಿನಲ್ಲೇ ಜ್ವರ ಬಂದು ಹೋದರು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಆ ರಾತ್ರಿ ಊಟ ಆದ ಮೇಲೆ ಎಲೆ ಅಡಿಕೆ ತಟ್ಟೆ ಮುಂದಿಟ್ಟು ಕೇಳಿದೆ, "ಅಪ್ಪಾ, ಚಿಕ್ಕಪ್ಪ ನೋಡೋಕೆ ಹೇಗಿದ್ರು?" ತುಂಬಾ ಹೊತ್ತು ಸುಮ್ಮನಿದ್ದರು. ಅಡಿಕೆ ಕತ್ತರಿಸಿದರು. ಆಮೇಲೆ ಅಂದರು, "ನನ್ ಚಪ್ಲಿ ಹಾಕ್ಕೊಂಡು ಓಡಾಡ್ತಿದ್ದ. ದೊಡ್ಡದಾಗ್ತಿತ್ತು ಅವನಿಗೆ. ಪಟಪಟ ಅಂತ ಸದ್ದು ಬರೋದು."

ಅಷ್ಟೇ ಹೇಳಿದ್ದು. ಆದರೆ ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ್ದು ಅದೊಂದೇ.

ಒಂದು ರೂಪಕ ಏನನ್ನು ತೋರಿಸಿತು ಅಂತ ಕೇಳುವಾಗ ನಾನು ಅಂದುಕೊಳ್ಳುವುದು ಇದನ್ನೇ. ಓದಿದ ಮೇಲೆ ಎದ್ದು ಹೋಗಿ ಆ ವಸ್ತುವನ್ನೋ ಆ ಮನುಷ್ಯನನ್ನೋ ಇನ್ನೊಮ್ಮೆ ನೋಡಬೇಕು ಅನ್ನಿಸಬೇಕು. ಹೋಗಿ ನೋಡಿದಾಗ ಅದು ಅಲ್ಲಿ ಇರಬೇಕು. ಗ್ರಹದ ಸಾಲು ಓದಿದಾಗ ನಾನು ನೋಡಿದ್ದು ಬರೆದ ಹುಡುಗಿಯನ್ನು. ಎಷ್ಟು ಚೆನ್ನಾಗಿ ಯೋಚಿಸಿದ್ದಾಳೆ ಅಂದುಕೊಂಡೆ. ಹಣ್ಣಿನ ಸಾಲು ಓದಿದಾಗ ಅವಳು ಮರೆತೇಹೋದಳು. ಅಪ್ಪ ಕಂಡರು.

ಮೊದಲು ಮಾಡಿದ ಹಾಗೇ ಇದನ್ನೂ ಅದಲುಬದಲು ಮಾಡಿ ನೋಡಿದೆವು. ಹಣ್ಣಿನ ಜಾಗಕ್ಕೆ ಗೆಜ್ಜೆ ಇಟ್ಟೆವು. ಗೆಜ್ಜೆಯೂ ಗಲಗಲ ಅನ್ನುತ್ತದೆ. ಆದರೆ ಗೆಜ್ಜೆ ಮೊದಲ ದಿನದಿಂದಲೂ ಅನ್ನುತ್ತದೆ. ಒಣಗುವ ಹದಿನೈದು ದಿನ ಅದರಲ್ಲಿಲ್ಲ. ವಯಸ್ಸು ಹೊರಟುಹೋಯಿತು. ಒಣಗಿದ ಸೋರೆ ಬುರುಡೆ ಇಟ್ಟೆವು. ಅದು ಒಣಗಿದ ಮೇಲೇ ಸದ್ದು ಮಾಡುತ್ತದೆ, ಹತ್ತಿರ ಬಂತು. ಆದರೆ ಕಿವಿ ಹತ್ತಿರ ಹಿಡಿದು ಕೇಳುವ ಕೈ ಅದಕ್ಕೆ ಬೇಕಿಲ್ಲ, ದೂರದಿಂದಲೇ ಕೇಳಿಸುತ್ತದೆ. ಹತ್ತಿರ ಹೋಗಬೇಕು ಅನ್ನುವುದು ತಪ್ಪಿಹೋಯಿತು. ಒಂದೊಂದು ಬದಲಿಗೂ ಒಂದೊಂದು ಏನೋ ಉದುರಿ ಬಿತ್ತು. ಉದುರಿದ್ದನ್ನು ನೋಡಿಯೇ, ಮೊದಲಿನ ಸಾಲಿನಲ್ಲಿ ಏನೇನಿತ್ತು ಅಂತ ನಮಗೆ ಪೂರ್ತಿ ತಿಳಿದದ್ದು.

ಇನ್ನೊಂದು ಪರೀಕ್ಷೆಯೂ ಇದೆ. ರೂಪಕದ ಜೊತೆ ಇನ್ನೊಂದು ಹೆಜ್ಜೆ ನಡೆದು ನೋಡುವುದು. ಹನ್ನೆರಡನೇ ಶತಮಾನದ ಬಸವಣ್ಣನವರ ವಚನ ಎಲ್ಲರಿಗೂ ಗೊತ್ತು. 'ಎನ್ನ ಕಾಲೇ ಕಂಬ, ದೇಹವೇ ದೇಗುಲ.' ಮೈಯನ್ನು ಗುಡಿ ಅಂದಿದ್ದು ಅಷ್ಟಕ್ಕೇ ನಿಂತಿದ್ದರೆ ಚಂದದ ಹೋಲಿಕೆ ಆಗಿರುತ್ತಿತ್ತು. ಆದರೆ ಕಾಲು ಕಂಬವಾದರೆ ಮುಂದೇನು? ಈ ಕಂಬ ನಡೆಯುತ್ತದೆ. ನಡೆಯುವ ಗುಡಿ ಆಯಿತು. ಉಳ್ಳವರು ಕಟ್ಟಿಸಿದ ಗುಡಿ ನಿಂತಲ್ಲೇ ನಿಂತಿರುತ್ತದೆ. ಅಲ್ಲಿಂದಲೇ ಕೊನೆಯ ಮಾತು, ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಅನ್ನುವುದು ಬರುತ್ತದೆ. ರೂಪಕವನ್ನು ಹಿಡಿದು ನಡೆದವರಿಗೆ ಮಾತ್ರ ಆ ಮಾತು ಸಿಗುತ್ತದೆ. ತುಕ್ಕು ಹಿಡಿದ ಗ್ರಹದ ಜೊತೆ ನಾವು ಒಂದು ಹೆಜ್ಜೆ ನಡೆದೆವು, ಕಾಲು ಜಾರಿತು. ಹಣ್ಣಿನ ಜೊತೆ ಇನ್ನೂ ನಡೆಯಬಹುದಿತ್ತು. ಸರಿಯಾಗಿ ಒಣಗದ ಹಣ್ಣನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಅವಸರ ಮಾಡಿ ಯಾರ ಬಾಯಿಂದಲೂ ಮಾತು ತೆಗೆಯಬಾರದು ಅನ್ನುವುದೂ ಅದರಲ್ಲಿದೆ. ಹಾಗಂತ ಎಲ್ಲವನ್ನೂ ಬರೆಯಲು ಹೋಗಬಾರದು. ಪುಟ್ಟಿ ಹಣ್ಣಿನೊಳಗಿನ ಎರಡು ಬೀಜವನ್ನು ತಾತ ಮತ್ತು ಅವರ ತಮ್ಮ ಅಂತ ಮಾಡಲು ಹೊರಟಿದ್ದಳು. ಬೇಡ ಅಂದೆ. ಅದು ಅವರನ್ನು ನೋಡಿ ಬಂದದ್ದಲ್ಲ, ಹಣ್ಣಿನಲ್ಲಿ ಎರಡು ಬೀಜ ಇದೆ ಅನ್ನುವ ಕಾರಣಕ್ಕೆ ಬಂದದ್ದು.

ಏನು ಗೊತ್ತಾಯಿತು ಅನ್ನುವ ಈ ಪ್ರಶ್ನೆಗೆ ಮಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ವಿಚಿತ್ರವಾಗಿ ಕಂಡದ್ದೆಲ್ಲ ಪೊಳ್ಳಲ್ಲ. ನಮ್ಮ ಬೆಡಗಿನ ವಚನಗಳನ್ನೇ ನೋಡಿ. ಮೊದಲ ಸಲ ಓದಿದರೆ ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ಅವಕ್ಕೆ ಹಿಂದಿನವರು ಅರ್ಥ ಬಿಡಿಸುವ ಟೀಕೆಗಳನ್ನೇ ಬರೆದಿದ್ದಾರೆ. ಬೀಗ ಹಾಕಿದ್ದಾರೆ, ಆದರೆ ಕೀಲಿಯೂ ಇದೆ. ಹಾಗಾಗಿ ಏನೂ ಕಾಣಲಿಲ್ಲ ಅಂದ ತಕ್ಷಣ ಇಲ್ಲಿ ಏನೂ ಇಲ್ಲ ಅಂದುಬಿಡುವುದು ತಪ್ಪು. ಸ್ವಲ್ಪ ದಿನ ಇಟ್ಟುಕೊಂಡು ಮತ್ತೆ ಕೇಳಬೇಕು. ನಾನು ಗ್ರಹಕ್ಕೂ ಆ ಅವಕಾಶ ಕೊಟ್ಟಿದ್ದೇನೆ ಅಂದುಕೊಂಡಿದ್ದೇನೆ.

ಓದುಗರು ಯಾರು ಅನ್ನುವುದೂ ಇದೆ. ನನ್ನ ಜೊತೆ ಕೆಲಸ ಮಾಡುವ ಮೇಡಂ ಒಬ್ಬರು ವಿಜಯಪುರದ ಕಡೆಯವರು. ಅವರಿಗೆ ಹಣ್ಣಿನ ಸಾಲು ಓದಿ ಹೇಳಿದೆ. "ಕಾಫಿ ಹಣ್ಣು ಅಲ್ಲಾಡಿಸಿದ್ರ ಸಪ್ಪಳ ಬರ್ತದೇನ್ರಿ?" ಅಂತ ಕೇಳಿದರು. ಅವರಿಗೆ ಅದು ಬರೀ ವಿಚಿತ್ರವಾಗಿತ್ತು. ಕಣದಲ್ಲಿ ಕೂತು ಮುಷ್ಟಿಯನ್ನು ಕಿವಿಗೆ ಹಿಡಿಯುವುದನ್ನು ಬರಹದಲ್ಲಿ ಮೊದಲೇ ಹೇಳಿದ್ದರೆ ಅವರಿಗೂ ತಲುಪುತ್ತಿತ್ತು. ಪುಟ್ಟಿ ಆಮೇಲೆ ಹಾಗೇ ಮಾಡಿದಳು. ಮೊದಲ ಪ್ಯಾರಾದಲ್ಲಿ ತಾತ ಹಣ್ಣು ಅಲ್ಲಾಡಿಸುವುದನ್ನು ಸುಮ್ಮನೆ ಬರೆದಳು, ಯಾವ ಹೋಲಿಕೆಯೂ ಇಲ್ಲದೆ. ಮೂರು ಪ್ಯಾರಾ ಆದ ಮೇಲೆ ಮೌನದ ಮಾತು ತಂದಳು.

ಅದಕ್ಕೇ ಇನ್ನೊಂದು ಮಾತು. ನಮ್ಮೂರ ಕಡೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳಿದಾಗ, ತೋಟಕ್ಕೆಲ್ಲ ಹಿಮ ಬಿದ್ದ ಹಾಗಿದೆ ಅಂತ ಬರೆಯುತ್ತಾರೆ. ಬರೆದವರಲ್ಲಿ ಹಿಮ ನೋಡಿದವರು ಎಷ್ಟು ಜನ ಇರಬಹುದು? ಹಿಮ ತಣ್ಣಗಿರುತ್ತದೆ, ವಾಸನೆ ಇಲ್ಲ. ಕಾಫಿ ಹೂವಿನ ಘಮಕ್ಕೆ ತಲೆ ತಿರುಗುತ್ತದೆ, ಜೇನುನೊಣದ ಸದ್ದಿಗೆ ತೋಟವೇ ಗುಂಯ್ ಅನ್ನುತ್ತದೆ. ಬಿಳುಪು ಒಂದನ್ನು ತೋರಿಸಿ ಉಳಿದದ್ದನ್ನೆಲ್ಲ ಆ ಹೋಲಿಕೆ ಮುಚ್ಚಿಬಿಡುತ್ತದೆ. ಮ್ಯಾಕ್ಸ್ ಬ್ಲ್ಯಾಕ್ ಇದಕ್ಕೊಂದು ಒಳ್ಳೆಯ ಚಿತ್ರ ಕೊಟ್ಟಿದ್ದಾರೆ. ಹೊಗೆ ಹಿಡಿಸಿ ಕಪ್ಪು ಮಾಡಿದ ಗಾಜಿನಲ್ಲಿ ಕೆಲವು ಗೆರೆ ಮಾತ್ರ ತಿಳಿಯಾಗಿ ಬಿಟ್ಟು ರಾತ್ರಿಯ ಆಕಾಶ ನೋಡಿದರೆ, ಆ ಗೆರೆಗಳ ಮೇಲೆ ಬಂದ ನಕ್ಷತ್ರಗಳಷ್ಟೇ ಕಾಣುತ್ತವೆ. ರೂಪಕವೂ ಹಾಗೇ ಅಂದರು. ಹಣ್ಣಿನ ಸಾಲಿಗೂ ಈ ಮಾತು ಸಲ್ಲುತ್ತದೆ. ಅಪ್ಪ ಕೆಲವು ಸಲ ಬರೀ ಸುಸ್ತಾಗಿ ಸುಮ್ಮನಿರುತ್ತಾರೆ. ಅದು ಆ ಗೆರೆಯ ಮೇಲೆ ಬರುವುದಿಲ್ಲ.

ಹಾಸನಕ್ಕೆ ಹೊರಡುವ ದಿನ ಬೆಳಿಗ್ಗೆ ಪುಟ್ಟಿ ಬರಹವನ್ನು ತಾತನಿಗೆ ಓದಿ ಹೇಳಿದಳು. ಅವರು ಕಣದ ಕಟ್ಟೆ ಮೇಲೆ ಕೂತಿದ್ದರು. ಹಣ್ಣಿನ ಸಾಲು ಬಂದಾಗ ಅವಳ ದನಿ ಸ್ವಲ್ಪ ಇಳಿಯಿತು. ಅಪ್ಪ ಪೂರ್ತಿ ಕೇಳಿಸಿಕೊಂಡರು. ಕಣದ ಕಡೆ ನೋಡಿದರು.

"ಅಂಚಿಂದು ತಗೊಂಡ್ರೆ ಗೊತ್ತಾಗಲ್ಲ ಮಗಾ" ಅಂದರು. "ಅಂಚಲ್ಲಿ ತೆಳ್ಳಗಿರುತ್ತೆ, ಬೇಗ ಒಣಗುತ್ತೆ. ಬೇಗ ಸದ್ದು ಬರುತ್ತೆ. ಮಧ್ಯದ್ದು ತಗೊಂಡು ನೋಡ್ಬೇಕು."

ಪುಟ್ಟಿ ನನ್ನ ಮುಖ ನೋಡಿದಳು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಬ್ಯಾಗಿನಿಂದ ಪೆನ್ನು ತೆಗೆದು ಅಲ್ಲೇ ಕಟ್ಟೆ ಮೇಲೆ ಕೂತಳು.